ಮಕ್ಕಳ ಆ್ಯಪ್‌ಗೆ ಬಣ್ಣ ಆರಿಸುವುದು ಹೇಗೆ: ಕೆಂಪು ಎಂದರೆ ತಪ್ಪೇ?

ಶಿರಸಿಯ ಒಂದು ಮನೆಯ ಜಗಲಿಯಲ್ಲಿ ಐದು ವರ್ಷದ ಹುಡುಗಿಗೆ ಅಕ್ಷರ ಕಲಿಸುವ ಆ್ಯಪ್ ಕೊಟ್ಟು ಕೂತಿದ್ದೆ. ತಪ್ಪು ಉತ್ತರ ಒತ್ತಿದಳು, ಗುಂಡಿ ಕೆಂಪಾಯಿತು. "ಆಯಿ, ಕುಂಕುಮ!" ಎಂದು ಖುಷಿಯಿಂದ ಮತ್ತೆ ಅದನ್ನೇ ಒತ್ತಿದಳು. ದೇವರ ಮುಂದೆ, ಅಮ್ಮನ ಹಣೆಯಲ್ಲಿ, ಮಾರಿಕಾಂಬೆಯ ಮೂರ್ತಿಯಲ್ಲಿ ಕೆಂಪು ನೋಡಿದ ಮಗುವಿಗೆ ಅದು ತಪ್ಪಿನ ಗುರುತು ಯಾಕಾಗಬೇಕು ಅಲ್ವಾ?

ಮೊದಲು ಹಿನ್ನೆಲೆ. ಸುಣ್ಣದ ಗೋಡೆಯಂಥ ತಿಳಿ ಬಿಳಿ ಸಾಕು.

ಎರಡನೆಯದು ಅಕ್ಷರದ ಬಣ್ಣ. ನನ್ನ ಆಯ್ಕೆ ಕಾವಿ ಕೆಂಪು, `#8A3324`. ನಮ್ಮ ಕರಾವಳಿಯ ಹಳೇ ದೇವಸ್ಥಾನಗಳ ಗೋಡೆಯಲ್ಲಿ ಸುಣ್ಣದ ಗಾರೆಗೆ ಕೆಂಪು ಬಳಿದು, ಕೆರೆದು ತೆಗೆದ ಚಿತ್ರಗಳ ಬಣ್ಣ ಇದು. ಬಿಳಿಯ ಮೇಲೆ ಇದರ ಕಾಂಟ್ರಾಸ್ಟ್ ಸುಮಾರು 8:1 ಬರುತ್ತದೆ. ಎಲ್ಲರಿಗೂ ಓದಲು ಬರುವಂತೆ ಪರದೆ ರೂಪಿಸುವ ಮಾರ್ಗಸೂಚಿ WCAG, ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕೇಳುವುದು ಕನಿಷ್ಠ 4.5:1. ಬಿಳಿಯ ಮೇಲೆ ಹಳದಿ ಅಕ್ಷರ ಮಾತ್ರ ಬೇಡವೇ ಬೇಡ. `#FFC107` ಬರೀ 1.6:1 ಬರುತ್ತದೆ. ಜಗಲಿಯ ಬಿಸಿಲಿಗೆ ಮಾಯವೇ ಆಗುತ್ತದೆ.

ಮೂರನೆಯದರಲ್ಲೇ ಜಾಸ್ತಿ ಜನ ಎಡವುತ್ತಾರೆ: ಸರಿ-ತಪ್ಪಿನ ಬಣ್ಣ. ರೆಡಿಮೇಡ್ ಥೀಮ್‌ಗಳಲ್ಲಿ ಸಿಗುವ ಕೆಂಪು `#D32F2F`, ಹಸಿರು `#388E3C` ಜೋಡಿಯನ್ನು ಸುಮ್ನೆ ಹಾಕಿಬಿಡುತ್ತಾರೆ. ಎರಡರ ಹೊಳಪು ಹೆಚ್ಚುಕಡಿಮೆ ಒಂದೇ. ಕೆಂಪು-ಹಸಿರು ವ್ಯತ್ಯಾಸ ಕಾಣದ ಮಗುವಿಗೆ ಎರಡೂ ಗುಂಡಿ ಒಂದೇ ತರ ಕಾಣಬಹುದು. ನೀವೇ ನೋಡಬೇಕೆಂದರೆ ಆಂಡ್ರಾಯ್ಡ್ ಫೋನಿನ Developer options ತೆರೆದು Simulate color space ಒತ್ತಿ. Monochromacy ಆರಿಸಿದರೆ ಪರದೆ ಬೂದಾಗುತ್ತದೆ. ಆಗಲೂ ಯಾವುದು ಸರಿ, ಯಾವುದು ತಪ್ಪು ಎಂದು ಹೇಳಲು ಬರಬೇಕು. ಆಮೇಲೆ ಕೆಂಪು-ಹಸಿರು ಗೊಂದಲವನ್ನು ತೋರಿಸುವ Deuteranomaly ಹಾಕಿ ಇನ್ನೊಮ್ಮೆ ನೋಡಿ.

ನಾವು ಕೊನೆಗೆ ಮಾಡಿದ್ದು ಹೀಗೆ. ಸರಿಯಾದರೆ ಗುಂಡಿ ಪೂರ್ತಿ ಅರಿಸಿನ ಹಳದಿ, ಸುತ್ತ ದಪ್ಪ ಕಾವಿ ಗೆರೆ, ಜೊತೆಗೆ ಗೆಜ್ಜೆಯ ಸದ್ದು. ಗೆರೆ ಬೇಕೇ ಬೇಕು, ಇಲ್ಲದಿದ್ದರೆ ಹಳದಿ ಬಿಳಿ ಹಿನ್ನೆಲೆಯಲ್ಲಿ ಕಳೆದುಹೋಗುತ್ತದೆ. ಹಳದಿಯ ಮೇಲೆ ಕಾವಿ ಅಕ್ಷರ ಸುಮಾರು 5:1 ಬರುತ್ತದೆ, ಸಲೀಸಾಗಿ ಓದಬಹುದು. ತಪ್ಪಾದರೆ ಹೊಸ ಬಣ್ಣವೇ ಇಲ್ಲ. ಗುಂಡಿ ಸ್ವಲ್ಪ ಅಲುಗಾಡಿ, ಚಿಕ್ಕದಾಗಿ, ಮೊದಲಿನ ಜಾಗಕ್ಕೆ ಹೋಗಿ ಕೂರುತ್ತದೆ. ತಪ್ಪು ಒತ್ತಿದರೆ ಚಂದದ್ದೇನೂ ಸಿಗಬಾರದು, ಹೆದರಿಸುವಂಥದ್ದೂ ಬರಬಾರದು.

ಇನ್ನೊಂದು ಮಾತು. ಆಟದಲ್ಲಿ ಮಕ್ಕಳನ್ನು ಎರಡು ತಂಡ ಮಾಡುವಾಗ ಕೇಸರಿ-ಹಸಿರು ಎದುರುಬದುರು ಇಡಬೇಡಿ. ದೊಡ್ಡವರು ಆ ಬಣ್ಣಗಳಿಗೆ ಕಟ್ಟಿದ ಅರ್ಥ ಮಕ್ಕಳ ಆಟಕ್ಕೆ ಬರುವುದು ಬೇಡ. ನೀಲಿ-ಕಿತ್ತಳೆ ಇಡಿ, ಕೆಂಪು-ಹಸಿರು ಗೊಂದಲವಿರುವ ಮಗುವಿಗೂ ಅವು ಬೇರೆಬೇರೆಯಾಗಿ ಕಾಣುತ್ತವೆ.

ಹೊಸ ಗುಂಡಿ ಹಾಕಿ ಅದೇ ಜಗಲಿಗೆ ಹೋದೆ. ಹುಡುಗಿ ಒಮ್ಮೆ ತಪ್ಪು ಒತ್ತಿದಳು, ಗುಂಡಿ ಅಲುಗಾಡಿತು. ಅವಳ ಬೆರಳು ತಾನಾಗಿ ಪಕ್ಕದ ಅಕ್ಷರಕ್ಕೆ ಹೋಯಿತು.