ಜರ್ಮನಿಗೆ ಬಂದವರು ಮೊದಲು ಲೆಟರ್ ಬಾಕ್ಸ್‌ಗೆ ಹೆಸರು ಅಂಟಿಸಿ

ಜರ್ಮನಿಗೆ ಕೆಲಸಕ್ಕೆ ಬಂದವರು ವಿಳಾಸ ನೋಂದಣಿ ಮಾಡಿಸಿದ ದಿನವೇ ಮನೆಯ ಲೆಟರ್ ಬಾಕ್ಸ್ ಮೇಲೆ ನಿಮ್ಮ ಹೆಸರು ಅಂಟಿಸಿ, ನೋಂದಣಿಯಲ್ಲಿ ಇರುವ ಹಾಗೆಯೇ. ತೆರಿಗೆ ಸಂಖ್ಯೆ, ಅಂದರೆ ಸ್ಟೋಯರ್ ಐಡಿ, ಇಮೇಲ್‌ನಲ್ಲಿ ಬರುವುದಿಲ್ಲ. ಕೆಲವು ವಾರಗಳ ನಂತರ ಅಂಚೆಯಲ್ಲಿ ಬರುತ್ತದೆ. ಇಲ್ಲಿ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲಾಟ್ ನಂಬರ್ ಇರುವುದಿಲ್ಲ, ಅಂಚೆಯವರು ಹೆಸರು ನೋಡಿಯೇ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತದೆ. ಈ ಸಂಖ್ಯೆ ಸಿಗದಿದ್ದರೆ ಕಂಪನಿ 6ನೇ ತೆರಿಗೆ ವರ್ಗ ಹಾಕಿ ಸಂಬಳದಲ್ಲಿ ಜಾಸ್ತಿ ಹಿಡಿಯಬಹುದು. ಕೊಟ್ಟ ಮೇಲೆ ಸರಿಪಡಿಸುತ್ತಾರೆ, ಆದರೆ ಮೊದಲ ತಿಂಗಳಲ್ಲಿ ಅದು ತುಂಬಾ ಕಷ್ಟ ಅಲ್ವಾ? ಪತ್ರ ತಡವಾದರೆ ಪಾಸ್‌ಪೋರ್ಟ್, ನೋಂದಣಿ ಪತ್ರ ಹಿಡಿದು ನಿಮ್ಮ ಊರಿನ ತೆರಿಗೆ ಕಚೇರಿಯಲ್ಲಿ ವಿಚಾರಿಸಿ. ನೋಂದಣಿಗೆ ಮಾಲೀಕರು ಸಹಿ ಕೊಡದ ತಾತ್ಕಾಲಿಕ ರೂಮಿನಲ್ಲಿದ್ದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ.