ನಾಯಿಯ ಜಂತುಹುಳು ಮಾತ್ರೆ: ತಾರೀಖಿನ ಪಕ್ಕದಲ್ಲಿ ತೂಕವನ್ನೂ ಬರೆಯಿರಿ

ಮನೆಯ ನಾಯಿಗೆ ಊಟ ತಪ್ಪುವುದು ಅಪರೂಪ, ಎರಡೆರಡು ಸಲ ಬೀಳುವುದೇ ಹೆಚ್ಚು. ಅಮ್ಮ ಹಾಕಿ ಹೋಗಿರುತ್ತಾರೆ, ತಡವಾಗಿ ಎದ್ದ ಮಗ ಖಾಲಿ ಬಟ್ಟಲು ಕಂಡು ಮತ್ತೆ ಹಾಕುತ್ತಾನೆ. ಇದಕ್ಕೆ ಅಲಾರಂ ಬೇಡ. ದಿನದ ಆಹಾರವನ್ನು ಬೆಳಿಗ್ಗೆಯೇ ಅಳೆದು ಎರಡು ಡಬ್ಬಿಗಳಲ್ಲಿಡಿ, 6 ತಿಂಗಳೊಳಗಿನ ಮರಿಗಾದರೆ ಮೂರು. ಡಬ್ಬಿ ಖಾಲಿಯಿದ್ದರೆ ಆ ಹೊತ್ತಿನ ಊಟ ಮುಗಿದಿದೆ.

ಎಡವಟ್ಟಾಗುವುದು ಜಂತುಹುಳು ಮಾತ್ರೆಯಲ್ಲಿ. ಮರಿಗೆ 2 ವಾರ ತುಂಬಿದಾಗಿನಿಂದ 8 ವಾರದವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ 6 ತಿಂಗಳವರೆಗೆ ತಿಂಗಳಿಗೊಮ್ಮೆ, ನಂತರ 3 ತಿಂಗಳಿಗೊಮ್ಮೆ ಕೊಡುವುದು ವಾಡಿಕೆ. ಇಷ್ಟು ಸಲ ಯಾಕೆ? ಮಾತ್ರೆ ಮುಖ್ಯವಾಗಿ ಕರುಳಿನಲ್ಲಿರುವ ಹುಳುಗಳನ್ನು ಕೊಲ್ಲುತ್ತದೆ. ದುಂಡುಹುಳುವಿನ ಮರಿಗಳು ಆಗ ದೇಹದ ಬೇರೆಡೆ ಅಡ್ಡಾಡುತ್ತಿದ್ದು, ವಾರಗಳ ನಂತರ ಕರುಳಿಗೆ ಬಂದು ಬೆಳೆಯುತ್ತವೆ.

ರಿಮೈಂಡರನ್ನು ಎಲ್ಲರೂ ಮನೆಯಲ್ಲಿರುವ ರಜಾದಿನಕ್ಕೆ ಇಡಿ. ಅದರಲ್ಲಿ ‘ಮಾತ್ರೆ’ ಎಂದಷ್ಟೇ ಬರೆದರೆ ಸಾಲದು, ‘ಮೊದಲು ತೂಕ, ಆಮೇಲೆ ಮಾತ್ರೆ’ ಎಂದು ಬರೆಯಿರಿ. ಹೋದ ಸಲ ಒಂದು ಕೊಟ್ಟಿದ್ದೆವು, ಈ ಸಲವೂ ಒಂದು ಎನ್ನುವುದೇ ಮುಖ್ಯ ತಪ್ಪು. ಬೆಳೆಯುವ ನಾಯಿ ಹೋದ ತಿಂಗಳು 9.2 ಕಿಲೋ ಇತ್ತು ಎನ್ನಿ. ಈಗ ನೀವೊಬ್ಬರೇ ತೂಕದ ಯಂತ್ರದ ಮೇಲೆ ನಿಂತರೆ 58.4, ಅದನ್ನೆತ್ತಿಕೊಂಡು ನಿಂತರೆ 70.2. ಅಂದರೆ ನಾಯಿ 11.8 ಕಿಲೋ. 10 ಕಿಲೋಗೆ ಒಂದರಂತೆ ಕೊಡುವ ಮಾತ್ರೆಯಾದರೆ ಈಗ ಒಂದೂವರೆ ಬೇಕು. ಎಲ್ಲ ಮಾತ್ರೆಗಳ ಲೆಕ್ಕ ಒಂದೇ ಅಲ್ಲ, ಮಾತ್ರೆಯ ಪೊಟ್ಟಣದ ಮೇಲೆ ಬರೆದಿರುವುದನ್ನು ಓದಿ. ಪುಟ್ಟ ಮರಿಯನ್ನು ಅಡುಗೆಮನೆಯ ತಕ್ಕಡಿಯಲ್ಲೇ ತೂಗಿ.

ಮಾತ್ರೆಯನ್ನು ಪುಡಿ ಮಾಡಿ ಬಟ್ಟಲು ತುಂಬ ಕಲಸುವ ಸುಲಭದ ದಾರಿ ಬಿಡಿ. ನಾಯಿ ಅರ್ಧ ತಿಂದು ಎದ್ದರೆ ಎಷ್ಟು ಔಷಧ ಹೊಟ್ಟೆಗೆ ಹೋಯಿತೆಂದು ಯಾರೂ ಹೇಳಲಾಗದು. ಊಟಕ್ಕೆ ಮುಂಚೆ, ಹಸಿದಿರುವಾಗ, ಒಂದೇ ತುತ್ತಿನೊಳಗೆ ಅಡಗಿಸಿ ಕೊಡಿ. ಒಲ್ಲದಿದ್ದರೆ ಬಾಯಿ ತೆರೆಸಿ ನಾಲಿಗೆಯ ಬುಡದಲ್ಲಿಟ್ಟು, ಬಾಯಿ ಮುಚ್ಚಿ ಹಿಡಿದು ಗಂಟಲನ್ನು ಮೆಲ್ಲಗೆ ಸವರಿ. ಮೂಗು ನೆಕ್ಕಿಕೊಂಡರೆ ಸಾಮಾನ್ಯವಾಗಿ ನುಂಗಿದೆ ಎಂದು ತಿಳಿಯಬಹುದು. ಆದರೂ ಐದು ನಿಮಿಷ ಕಣ್ಣಿಟ್ಟಿರಿ: ಕೆನ್ನೆಯೊಳಗೆ ಒತ್ತರಿಸಿಕೊಂಡು ಹೋಗಿ ಸೋಫಾದ ಸಂದಿಯಲ್ಲಿ ಉಗುಳುವ ನಾಯಿಗಳಿವೆ. ವಾಂತಿಯಾದರೆ ನೀವಾಗಿ ಮತ್ತೊಂದು ಕೊಡಬೇಡಿ, ವೈದ್ಯರಿಗೆ ಫೋನ್ ಮಾಡಿ.

ನುಂಗಿದ್ದು ಖಾತ್ರಿಯಾದ ಮೇಲೆಯೇ ಕ್ಯಾಲೆಂಡರಿನಲ್ಲಿ ತಾರೀಖು, ತೂಕ, ಕೊಟ್ಟವರ ಹೆಸರು ಬರೆಯಿರಿ. ಹತ್ತು ದಿನ ತಡವಾಗಿ ಕೊಟ್ಟಿದ್ದರೆ ಮುಂದಿನ ರಿಮೈಂಡರನ್ನು ಕೊಟ್ಟ ದಿನದಿಂದಲೇ ಎಣಿಸಿ. ತಾನಾಗಿ ಮರುಕಳಿಸುವ ರಿಮೈಂಡರ್ ಹಳೆಯ ತಾರೀಖನ್ನೇ ಹಿಡಿದು ಕೂತಿರುತ್ತದೆ.

ಲಸಿಕೆಯ ರಿಮೈಂಡರ್ ಎರಡಿರಲಿ: ವಾರ ಮುಂಚೆ ವೈದ್ಯರ ಸಮಯ ಕೇಳಲು ಒಂದು, ಆ ದಿನ ಬೆಳಗಿನ ವಾಕಿಂಗ್ ಹೊತ್ತಿಗೆ ಇನ್ನೊಂದು. ಎರಡನೆಯದರಲ್ಲಿ ‘ಮುಚ್ಚಳವಿರುವ ಡಬ್ಬಿ’ ಎಂದು ಬರೆದಿಡಿ. ಹುಳುವಿನ ಮೊಟ್ಟೆಯಿದೆಯೇ ಎಂದು ನೋಡಲು ವೈದ್ಯರಿಗೆ ಅದೇ ದಿನದ ಮಲ ಬೇಕು, ಅದು ಸಿಗುವುದು ಆ ವಾಕಿಂಗಿನಲ್ಲೇ.