ತೊಡಬೇಕೋ, ತೊಳೆಯಬೇಕೋ: ಒಂದು ಬಣ್ಣದ ಹೆಸರಿನ ಪಾಡು

ಉಡುಪುಗಳ ಕ್ಯಾಟಲಾಗಿಗೆ ವಿವರಣೆ ಬರೆಯುವ ಕೆಲಸದಲ್ಲಿ ನಾನು ಮೊದಲು ಎಡವಿದ್ದು ಒಂದು ಉಣ್ಣೆಯ ಕೋಟಿನ ಬಣ್ಣದಲ್ಲಿ. ನನಗೆ ಕೊಟ್ಟಿದ್ದ ಪಟ್ಟಿಯಲ್ಲಿ ಅದರ ಬಣ್ಣ ‘ಆಕ್ಸ್‌ಬ್ಲಡ್’ ಎಂದಿತ್ತು. ನಾನು ಅದನ್ನು ನಿಷ್ಠೆಯಿಂದ ‘ಎತ್ತಿನ ರಕ್ತದ ಬಣ್ಣ’ ಎಂದು ಕನ್ನಡಿಸಿದೆ. ಕರಡು ಓದಿದ ಸಹೋದ್ಯೋಗಿಯೊಬ್ಬರು, “ಇದನ್ನು ತೊಡಬೇಕೋ, ತೊಳೆಯಬೇಕೋ?” ಎಂದು ಕೇಳಿದರು.

ಅವರ ನಗುವಿನಲ್ಲಿ ನನ್ನ ತಪ್ಪು ಸ್ಪಷ್ಟವಾಗಿತ್ತು. ಆ ಹೆಸರು ಇಂಗ್ಲಿಷಿನಲ್ಲಿ ಬಹುಕಾಲದಿಂದ ಬೂಟುಗಳಿಗೂ ತೊಗಲಿನ ಚೀಲಗಳಿಗೂ ಅಂಟಿಕೊಂಡು ಬಂದಿರುವುದರಿಂದ ಅಲ್ಲಿನ ಓದುಗರಿಗೆ ಅದರಲ್ಲಿ ರಕ್ತ ಕಾಣುವುದಕ್ಕಿಂತ ಹೆಚ್ಚಾಗಿ ಪಾಲಿಶ್ ಹಿಡಿದ ಹಳೆಯ ತೊಗಲು, ಅದರ ಗಾಂಭೀರ್ಯ ಮತ್ತು ಬೆಲೆಬಾಳುವ ಭಾವ ಕಾಣುತ್ತವೆ. ನಾನು ಪದವನ್ನು ಬಿಡಿಸಿ ಅನುವಾದಿಸಿದಾಗ ಒಣಗಿ ಹೋಗಿದ್ದ ರಕ್ತ ಮತ್ತೆ ಹಸಿಯಾಯಿತು.

ಹಾಗಾಗಿ ಹೆಸರನ್ನು ಬದಿಗಿಟ್ಟು ಬಟ್ಟೆಯನ್ನೇ ನೋಡಲು ಕುಳಿತೆ. ಕೋಟಿನ ಬಟ್ಟೆಯ ತುಂಡನ್ನು ಹಗಲು ಬೆಳಕು ಬೀಳುವ ಕಿಟಕಿಯ ಬಳಿ ಬಿಳಿಯ ಕಾಗದದ ಮೇಲಿಟ್ಟು, ಮೊದಲ ನೋಟಕ್ಕೆ ಏನು ಕಾಣುತ್ತದೆ, ಮಡಿಕೆಯೊಳಗೆ ಅದು ಯಾವ ಕಡೆಗೆ ವಾಲುತ್ತದೆ ಎಂಬ ಎರಡೇ ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡೆ. ಮೊದಲ ನೋಟಕ್ಕೆ ಅದು ಗಾಢ ಕೆಂಪು. ಮಡಿಕೆಯಲ್ಲಿ ಕಂದಿಗೆ, ತೀರ ಒಳಗೆ ಬಹುತೇಕ ಕಪ್ಪಿಗೆ ತಿರುಗುತ್ತಿತ್ತು. ಪಕ್ಕದಲ್ಲಿ ಬರ್ಗಂಡಿ ಬಣ್ಣದ ತುಂಡನ್ನಿಟ್ಟಾಗ ಅದರ ನೇರಳೆಯ ಛಾಯೆ ಇದರಲ್ಲಿಲ್ಲ ಎಂಬುದು ತಿಳಿಯಿತು. ವೈನಿನಿಂದ ಹೆಸರು ಪಡೆದ ಬರ್ಗಂಡಿ ಸಂಜೆಯ ಕೂಟವನ್ನು ನೆನಪಿಸಿದರೆ, ಈ ಕೋಟು ಹಳೆಯ ಓದುಕೋಣೆಯ ಕುರ್ಚಿಯನ್ನು ನೆನಪಿಸುತ್ತಿತ್ತು. ಕೊನೆಗೆ, ‘ಆಕ್ಸ್‌ಬ್ಲಡ್: ವರ್ಷಗಟ್ಟಲೆ ಉಜ್ಜಿ ಮೆರುಗೇರಿದ ತೊಗಲಿನ ಕೆಂಪು, ಮಡಿಕೆಯಲ್ಲಿ ಕಂದು’ ಎಂದು ಬರೆದೆ.

ಇದು ಸಾಕೇ ಎಂದು ತಿಳಿಯಲು, ಕೋಟನ್ನು ನೋಡಿರದ ಇಬ್ಬರ ಮುಂದೆ ಐದು ಕೆಂಪು ತುಂಡುಗಳನ್ನು ಹರಡಿದೆ. ಬರಿಯ ಹೆಸರನ್ನು ಹೇಳಿದಾಗ ಇಬ್ಬರೂ ಹೆಚ್ಚು ಹೊಳಪಿನ ಕೆಂಪಿಗೆ ಬೆರಳಿಟ್ಟರು. ಪೂರ್ತಿ ವಾಕ್ಯವನ್ನು ಓದಿ ಹೇಳಿದಾಗ ಸರಿಯಾದ ತುಂಡನ್ನು ಎತ್ತಿಕೊಂಡರು. ಅಂದಿನಿಂದ ಹೊಸ ಬಣ್ಣ ಬಂದಾಗಲೆಲ್ಲ ಈ ಪರೀಕ್ಷೆಯನ್ನು ಮಾಡುತ್ತೇನೆ.

ಎಕ್ರು ಎಂಬ ಬಣ್ಣದಲ್ಲಿ ಅನುಭವ ತಿರುವುಮುರುವಾಗಿತ್ತು: ಇಲ್ಲಿ ಪದದ ಮೂಲಾರ್ಥವನ್ನು ಬಿಟ್ಟದ್ದೇ ತಪ್ಪಾಯಿತು. ಆ ಫ್ರೆಂಚ್ ಪದಕ್ಕೆ ಹಸಿ, ಸಂಸ್ಕರಿಸದ ಎಂಬ ಅರ್ಥವಿದೆ. ಬಿಳುಪು ಮಾಡದ ಲಿನನ್ ಮತ್ತು ರೇಷ್ಮೆಯ ಸಹಜ ಬಣ್ಣಕ್ಕೆ ಅದು ಹೆಸರಾಯಿತು. ನಾನು ಅದಕ್ಕೆ ‘ಹಾಲುಬಿಳಿ’ ಎಂದು ಬರೆದು ಆ ಹೆಸರಿನ ತಿರುಳನ್ನೇ ಕಳೆದಿದ್ದೆ, ಏಕೆಂದರೆ ಎಕ್ರುವಿನ ಶಾಂತಭಾವ ಅದು ಬಿಳಿಯಾಗಲು ಪ್ರಯತ್ನಿಸದಿರುವುದರಲ್ಲಿದೆ. ಬಿಳುಪು ಮಾಡದ ಬಟ್ಟೆಗೆ ನೇಯುವವರೂ ಮಾರುವವರೂ ದಿನವೂ ಬಳಸುವ ‘ಕೋರಾ’ ಎಂಬ ಪದ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಆದರೆ ಒಂದು ಮಿತಿಯಿದೆ: ಬಣ್ಣ ಹಾಕಿ ಎಕ್ರುವಿನಂತೆ ಕಾಣಿಸಿದ ಪಾಲಿಯೆಸ್ಟರಿಗೆ ನಾನು ಕೋರಾ ಎನ್ನುವುದಿಲ್ಲ. ಅಲ್ಲಿ ಹೆಸರು ಬಣ್ಣವನ್ನು ತಿಳಿಸುವುದರ ಜೊತೆಗೆ ಬಟ್ಟೆಯ ಬಗ್ಗೆ ಸುಳ್ಳನ್ನೂ ಹೇಳುತ್ತದೆ.

ಸೇಜ್ ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಒಬ್ಬರು ಅದನ್ನು ‘ಋಷಿ ಹಸಿರು’ ಎಂದು ಬರೆದದ್ದನ್ನು ತಿದ್ದಿದ್ದೇನೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ಋಷಿ ಎಂಬ ಅರ್ಥವೂ ಇದೆ, ಆದರೆ ಬಣ್ಣಕ್ಕೆ ಹೆಸರು ಕೊಟ್ಟ ಸೇಜ್ ಒಂದು ಗಿಡಮೂಲಿಕೆ. ಅದರ ಎಲೆಯನ್ನು ಮುಚ್ಚಿರುವ ನವಿರಾದ ರೋಮಗಳಿಂದಾಗಿ ಹಸಿರಿನ ಮೇಲೆ ಬೂದುಬಣ್ಣ ಕವಿದಂತೆ ಕಾಣುತ್ತದೆ. ಆ ಗಿಡವನ್ನು ಕಾಣದ ಓದುಗರಿಗೆ ‘ಧೂಳು ಕುಳಿತಂತಹ ಮೆದು ಹಸಿರು’ ಎಂದರೆ ಬಣ್ಣ ತಿಳಿಯುತ್ತದೆ, ಆದರೆ ಧೂಳೆಂಬ ಪದ ಬಟ್ಟೆಯನ್ನು ಕೊಳಕಾಗಿಸುತ್ತದೆ. ಹೀಗಾಗಿ ‘ರೋಮವುಳ್ಳ ಎಲೆಯ ಬೂದುಹಸಿರು’ ಎಂದೇ ಇಟ್ಟುಕೊಂಡಿದ್ದೇನೆ.

ಟೀಲ್ ನನಗೆ ಈಗಲೂ ತೊಡಕಿನ ಹೆಸರು. ಕಣ್ಣಿನಿಂದ ಹಿಂದಕ್ಕೆ ಹಸಿರು ಪಟ್ಟೆಯಿರುವ ಒಂದು ಸಣ್ಣ ಬಾತುಕೋಳಿಯಿಂದ ಅದು ಬಂದಿದ್ದರೂ, ಇಂದು ಆ ಹಕ್ಕಿಯನ್ನು ನೆನೆಯುವವರು ವಿರಳ. ಪರದೆಯ ಮೇಲೆ ಅದು `#008080`, ಅಂದರೆ ಕೆಂಪು ಸೊನ್ನೆ, ಹಸಿರೂ ನೀಲಿಯೂ ಸಮಸಮ. ಬಟ್ಟೆಯಲ್ಲಿ ಆ ಸಮತೋಲ ನಿಲ್ಲುವುದಿಲ್ಲ. ನಾನು ‘ಆಳದ ನೀರಿನ ನೀಲಿ’ ಎಂದು ಬರೆದ ಒಂದು ಉಡುಪನ್ನು ಹಳದಿ ದೀಪದಡಿ ನೋಡಿದವರೊಬ್ಬರು ಹಸಿರು ಬಂದಿದೆಯೆಂದು ಹಿಂದಿರುಗಿಸಿದರು. ಹಳದಿ ಬೆಳಕಿನಲ್ಲಿ ನೀಲಿಯ ಅಂಶ ಕಡಿಮೆ ಇರುವುದರಿಂದ ಅವರ ಕಣ್ಣು ತಪ್ಪು ಹೇಳಿರಲಿಲ್ಲ. ಈಗ ಟೀಲ್ ಬಟ್ಟೆಯನ್ನು ಕಿಟಕಿಯ ಬಳಿ ಒಮ್ಮೆ, ದೀಪದಡಿ ಒಮ್ಮೆ ನೋಡಿ, ‘ಹಗಲಿನಲ್ಲಿ ನೀಲಿಗೆ, ದೀಪದಡಿ ಹಸಿರಿಗೆ ವಾಲುವ ಬಣ್ಣ’ ಎಂದು ಬರೆಯುತ್ತೇನೆ.